ಯಾವ ಉಪಕರಣಕ್ಕೆ ಯಾವ ಸ್ಟೆರಿಲೈಸೇಷನ್? ಮಡಿಕೇರಿ ಎತ್ತರದ ಲೆಕ್ಕದ ಜೊತೆಗೆ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದ್ರೆ ಡಿ.ಎಂ.ಎಲ್.ಟಿ. ಮತ್ತು ನರ್ಸಿಂಗ್ ಓದುವವರಿಂದ ಎರಡೇ ಪ್ರಶ್ನೆ ಬರುತ್ತವೆ. ಮೊದಲನೆಯದು, ಯಾವ ವಸ್ತುವನ್ನು ಯಾವ ವಿಧಾನದಲ್ಲಿ ಶುದ್ಧ ಮಾಡಬೇಕು ಅನ್ನೋದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಎರಡನೆಯದು ನಮ್ಮ ಕೊಡಗಿನವರು ಮಾತ್ರ ಕೇಳುವಂಥದ್ದು. ಪುಸ್ತಕದಲ್ಲಿ 15 ಪಿಎಸ್‌ಐ ಒತ್ತಡಕ್ಕೆ 121 ಡಿಗ್ರಿ ಅಂತ ಇದೆ, ನಮ್ಮ ಲ್ಯಾಬ್‌ನ ಆಟೋಕ್ಲೇವ್‌ನಲ್ಲಿ ಮುಳ್ಳು 15ರಲ್ಲೇ ನಿಂತಿದ್ದರೂ ಥರ್ಮಾಮೀಟರ್ 119 ತೋರಿಸುತ್ತೆ, ಮೆಷಿನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಕಾರಣ ಮುಂದೆ ಹೇಳುತ್ತೇನೆ. ಮೊದಲ ಪ್ರಶ್ನೆಯನ್ನು ಮೊದಲು ನೋಡೋಣ, ಯಾಕಂದ್ರೆ ಅದು ಸರಿಯಾಗಿ ಅರ್ಥವಾದರೆ ದೊಡ್ಡ ಪಟ್ಟಿಯನ್ನು ಬಾಯಿಪಾಠ ಮಾಡುವ ಕೆಲಸವೇ ಉಳಿಯುವುದಿಲ್ಲ.

ಶುರು ಮಾಡುವ ಮುಂಚೆ ಮೂರು ಪದ

ಸ್ಟೆರಿಲೈಸೇಷನ್ ಅಂದರೆ ವಸ್ತುವಿನ ಮೇಲಿರುವ ಎಲ್ಲ ಸೂಕ್ಷ್ಮಜೀವಿಗಳನ್ನೂ ನಾಶ ಮಾಡುವುದು, ಬೀಜಕಗಳನ್ನೂ ಸೇರಿಸಿ. ಬೀಜಕ ಅಂದರೆ ಸ್ಪೋರ್. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚದೊಳಗೆ ಅಡಗಿ ಕೂರುವ ರೂಪ ಅದು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಹೀಗೆ ಮಾಡುತ್ತೆ. ಡಿಸ್‌ಇನ್ಫೆಕ್ಷನ್ ಅಂದರೆ ರೋಗ ತರುವ ಜೀವಿಗಳನ್ನು ಅಪಾಯವಿಲ್ಲದ ಮಟ್ಟಕ್ಕೆ ಇಳಿಸುವುದು. ಇಲ್ಲಿ ಬೀಜಕಗಳು ಉಳಿಯಬಹುದು. ಆಂಟಿಸೆಪ್ಟಿಕ್ ಅಂದರೆ ಜೀವಂತ ಚರ್ಮದ ಮೇಲೆ, ಗಾಯದ ಮೇಲೆ ಹಚ್ಚಬಹುದಾದ ದ್ರಾವಣ.

ಮೊದಲ ಎರಡು ಪದಗಳನ್ನು ಬೇರೆ ಮಾಡುವುದು ಬೀಜಕ ಒಂದೇ. ಪರೀಕ್ಷೆಯಲ್ಲಿ ವ್ಯತ್ಯಾಸ ಕೇಳಿದಾಗ ಬೀಜಕ ಅನ್ನುವ ಪದ ಬರೆಯದಿದ್ದರೆ ಉತ್ತರ ಅರ್ಧವೇ.

ಹಂತ 1: ಈ ವಸ್ತು ದೇಹದ ಯಾವ ಭಾಗವನ್ನು ಮುಟ್ಟುತ್ತೆ ಅಂತ ಕೇಳಿಕೊಳ್ಳಿ

ಎದುರಿಗೆ ಒಂದು ಉಪಕರಣ ಇಟ್ಟರೆ ತಕ್ಷಣ ಡಿಗ್ರಿ, ನಿಮಿಷ ಅಂತ ಯೋಚಿಸಬೇಡಿ. ಅದು ರಕ್ತಕ್ಕೆ ಅಥವಾ ದೇಹದೊಳಗಿನ ಅಂಗಾಂಶಕ್ಕೆ ಹೋಗುತ್ತಾ? ಹಾಗಾದರೆ ಸ್ಟೆರಿಲೈಸೇಷನ್ ಬೇಕೇ ಬೇಕು. ಶಸ್ತ್ರಚಿಕಿತ್ಸೆಯ ಕತ್ತರಿ, ಸೂಜಿ, ಇಂಪ್ಲಾಂಟ್ ಎಲ್ಲ ಇಲ್ಲಿ ಬರುತ್ತವೆ. ಬಾಯಿ, ಗಂಟಲು, ಕರುಳಿನ ಒಳಪದರದಂಥ ಒದ್ದೆ ಪದರವನ್ನು ಮಾತ್ರ ಮುಟ್ಟುತ್ತಾ? ಹಾಗಾದರೆ ಮೇಲ್ದರ್ಜೆಯ ಡಿಸ್‌ಇನ್ಫೆಕ್ಷನ್ ಸಾಕು. ಎಂಡೋಸ್ಕೋಪ್ ಈ ಗುಂಪಿನದು. ಬರೀ ಗಾಯವಿಲ್ಲದ ಚರ್ಮವನ್ನು ಮುಟ್ಟುತ್ತಾ? ಬಿಪಿ ಪಟ್ಟಿ, ಸ್ಟೆತಸ್ಕೋಪ್ ಥರದ್ದು? ಅದಕ್ಕೆ ಸಾಮಾನ್ಯ ಡಿಸ್‌ಇನ್ಫೆಕ್ಷನ್ ಸಾಕು.

ಈ ಮೂರು ಗುಂಪುಗಳನ್ನು ಅರ್ಲ್ ಸ್ಪಾಲ್ಡಿಂಗ್ ಮಾಡಿದ್ದು. ಪುಸ್ತಕದಲ್ಲಿ ಕ್ರಿಟಿಕಲ್, ಸೆಮಿ ಕ್ರಿಟಿಕಲ್, ನಾನ್ ಕ್ರಿಟಿಕಲ್ ಅಂತ ಇರುತ್ತೆ. ಪರೀಕ್ಷೆಯಲ್ಲಿ ಆ ಹೆಸರುಗಳನ್ನೇ ಬರೆಯಿರಿ.

ಲ್ಯಾಬ್‌ನ ವಸ್ತುಗಳು, ಅಂದರೆ ಮೀಡಿಯಾ, ಪೆಟ್ರಿ ಡಿಶ್, ಪಿಪೆಟ್, ದೇಹವನ್ನು ಮುಟ್ಟುವುದಿಲ್ಲ. ಆದರೆ ಅವುಗಳಲ್ಲಿ ಹೊರಗಿನ ಒಂದೇ ಒಂದು ಬ್ಯಾಕ್ಟೀರಿಯಾ ಉಳಿದರೂ ಅದು ಬೆಳೆದು ರಿಪೋರ್ಟ್ ತಪ್ಪಾಗುತ್ತೆ. ಹಾಗಾಗಿ ಅವೂ ಸ್ಟೆರಿಲೈಸೇಷನ್ ಗುಂಪಿಗೇ ಸೇರುತ್ತವೆ.

ಹಂತ 2: ಬಿಸಿ ತಡೆಯುತ್ತಾ? ಹಬೆ ಒಳಗೆ ಹೋಗುತ್ತಾ?

ಸ್ಟೆರಿಲೈಸೇಷನ್ ಬೇಕು ಅಂತ ಗೊತ್ತಾದ ಮೇಲೆ ಕೇಳಬೇಕಾದ್ದು ಈ ಎರಡೇ ಪ್ರಶ್ನೆ.

ಬಿಸಿ ತಡೆಯುತ್ತೆ, ಹಬೆಯೂ ಒಳಗೆ ಹೋಗುತ್ತೆ ಅಂದರೆ ಆಟೋಕ್ಲೇವ್. ಬಟ್ಟೆ, ಗೌನ್, ಡ್ರೆಸ್ಸಿಂಗ್, ರಬ್ಬರ್ ಗ್ಲೌಸ್, ಹೆಚ್ಚಿನ ಕಲ್ಚರ್ ಮೀಡಿಯಾಗಳು ಇಲ್ಲಿಗೆ ಬರುತ್ತವೆ.

ಬಿಸಿ ತಡೆಯುತ್ತೆ, ಆದರೆ ಹಬೆ ಒಳಗೆ ಹೋಗಲ್ಲ ಅಥವಾ ತೇವದಿಂದ ಹಾಳಾಗುತ್ತೆ ಅಂದರೆ ಹಾಟ್ ಏರ್ ಅವನ್. ಲಿಕ್ವಿಡ್ ಪ್ಯಾರಾಫಿನ್‌ನಂಥ ಎಣ್ಣೆ, ಗ್ರೀಸ್, ಪುಡಿಗಳ ಒಳಕ್ಕೆ ಹಬೆ ಇಳಿಯುವುದೇ ಇಲ್ಲ. ಗಾಜಿನ ಸಾಮಾನನ್ನೂ ಅವನ್‌ಗೇ ಇಡುತ್ತಾರೆ, ಯಾಕಂದ್ರೆ ಅದು ಒಣಗಿಯೇ ಹೊರಬರಬೇಕು.

ಬಿಸಿಯನ್ನೇ ತಡೆಯಲ್ಲ, ಅದು ದ್ರವ ಅಂದರೆ ಫಿಲ್ಟರ್. ಸೀರಂ, ಆಂಟಿಬಯಾಟಿಕ್ ದ್ರಾವಣ, ಕೆಲವು ಸಕ್ಕರೆ ದ್ರಾವಣಗಳನ್ನು 0.22 ಮೈಕ್ರಾನ್ ರಂಧ್ರದ ಮೆಂಬ್ರೇನ್ ಫಿಲ್ಟರ್‌ನಲ್ಲಿ ಸೋಸುತ್ತಾರೆ. ಬ್ಯಾಕ್ಟೀರಿಯಾ ಮೇಲೆ ನಿಲ್ಲುತ್ತೆ, ವೈರಸ್ ಮಾತ್ರ ಕೆಳಗಿಳಿದು ಹೋಗಬಹುದು.

ಬಿಸಿಯನ್ನೇ ತಡೆಯಲ್ಲ, ಅದು ಘನ ವಸ್ತು ಅಂದರೆ ಅನಿಲ, ವಿಕಿರಣ ಅಥವಾ ರಾಸಾಯನಿಕ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜನ್ನು ಕಾರ್ಖಾನೆಯಲ್ಲೇ ಗಾಮಾ ವಿಕಿರಣದಿಂದಲೋ ಎಥಿಲೀನ್ ಆಕ್ಸೈಡ್ ಅನಿಲದಿಂದಲೋ ಶುದ್ಧ ಮಾಡಿ ಪ್ಯಾಕ್ ಮಾಡಿರುತ್ತಾರೆ.

ಹಂತ 3: ಒಂದು ಟ್ರೇ ಇಟ್ಟುಕೊಂಡು ನೋಡೋಣ

ಪರೀಕ್ಷೆಯ ಮೇಜಿನ ಮೇಲೆ ಏಳು ವಸ್ತು ಇವೆ ಅಂತ ಅಂದುಕೊಳ್ಳಿ: ಖಾಲಿ ಗಾಜಿನ ಪೆಟ್ರಿ ಡಿಶ್, ನ್ಯೂಟ್ರಿಯಂಟ್ ಅಗರ್ ಪುಡಿ ಕಲಸಿದ ಫ್ಲಾಸ್ಕ್, ಲೂಪ್, ಎಲ್.ಜೆ. ಮೀಡಿಯಾದ ಬಾಟಲಿ, ಎಂಡೋಸ್ಕೋಪ್, ಕತ್ತರಿ, ಮತ್ತೆ ಬ್ಯಾಕ್ಟೀರಿಯಾ ಬೆಳೆದ ಹಳೇ ಕಲ್ಚರ್ ಪ್ಲೇಟ್.

ಖಾಲಿ ಪೆಟ್ರಿ ಡಿಶ್ ಗಾಜು, ಒಣಗಿರಬೇಕು. ಹಾಟ್ ಏರ್ ಅವನ್, 160 ಡಿಗ್ರಿ, 2 ಗಂಟೆ. ಕೆಲವು ಹಳೇ ಪುಸ್ತಕಗಳಲ್ಲಿ 1 ಗಂಟೆ ಅಂತಲೂ ಇದೆ, ನಿಮ್ಮ ಕಾಲೇಜಿನಲ್ಲಿ ಯಾವ ಪುಸ್ತಕ ಹಿಡಿದು ಪಾಠ ಮಾಡುತ್ತಾರೋ ಅದನ್ನೇ ಬರೆಯಿರಿ.

ನ್ಯೂಟ್ರಿಯಂಟ್ ಅಗರ್‌ನಲ್ಲಿ ನೀರಿದೆ. ಅವನ್‌ನಲ್ಲಿಟ್ಟರೆ ನೀರು ಆವಿಯಾಗಿ ಹೋಗುತ್ತೆ. ಹಾಗಾಗಿ ಆಟೋಕ್ಲೇವ್, 121 ಡಿಗ್ರಿ, 15 ನಿಮಿಷ. ಬ್ಲಡ್ ಅಗರ್ ಮಾಡಬೇಕಿದ್ದರೆ ಅಗರನ್ನು ಮಾತ್ರ ಆಟೋಕ್ಲೇವ್ ಮಾಡಿ, 45ರಿಂದ 50 ಡಿಗ್ರಿಗೆ ಆರಿದ ಮೇಲೆ ಸ್ಟೆರೈಲ್ ರಕ್ತ ಸೇರಿಸಬೇಕು. ರಕ್ತ ಹಾಕಿಯೇ ಆಟೋಕ್ಲೇವ್‌ಗೆ ಇಟ್ಟರೆ ರಕ್ತ ಬೆಂದು ಹೋಗುತ್ತೆ. ತುಂಬಾ ಬಿಸಿ ಇರುವಾಗ ಹಾಕಿದರೂ ಪ್ಲೇಟ್ ಕಂದು ಬಣ್ಣಕ್ಕೆ ತಿರುಗುತ್ತೆ, ಅಲ್ಲಿಗೆ ನಿಮಗೆ ಬೇಕಾದ ಬ್ಲಡ್ ಅಗರ್ ಅದಲ್ಲ.

ಲೂಪ್ ಬುನ್ಸೆನ್ ಜ್ವಾಲೆಯಲ್ಲಿ ಕೆಂಪಗೆ ಕಾಯಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಕಫದ ಸ್ಯಾಂಪಲ್ ಹಿಡಿದ ಲೂಪನ್ನು ನೇರವಾಗಿ ಜ್ವಾಲೆಯ ತುಂಬಾ ಬಿಸಿ ಜಾಗಕ್ಕೆ ತಳ್ಳಬೇಡಿ. ಅದು ಚಿಟಪಟ ಸಿಡಿದು ಜೀವಂತ ಬ್ಯಾಕ್ಟೀರಿಯಾ ಗಾಳಿಗೆ ಹಾರುತ್ತೆ. ಮೊದಲು ಜ್ವಾಲೆಯ ಒಳಗಿನ ತಣ್ಣನೆ ಭಾಗದಲ್ಲಿ ಒಣಗಿಸಿ, ಆಮೇಲೆ ಕೆಂಪಗೆ ಕಾಯಿಸಿ.

ಎಲ್.ಜೆ. ಮೀಡಿಯಾ, ಅಂದರೆ ಲೊವೆನ್‌ಸ್ಟೈನ್ ಜೆನ್ಸನ್, ಕ್ಷಯರೋಗದ ಬ್ಯಾಕ್ಟೀರಿಯಾ ಬೆಳೆಸಲು ಬಳಸುವಂಥದ್ದು. ಅದರಲ್ಲಿ ಮೊಟ್ಟೆ ಇದೆ. 121 ಡಿಗ್ರಿಗೆ ಇಟ್ಟರೆ ಕೆಡುತ್ತೆ. ಅದಕ್ಕೇ ಇನ್‌ಸ್ಪಿಸ್ಸೇಷನ್ ಮಾಡುತ್ತಾರೆ: 80ರಿಂದ 85 ಡಿಗ್ರಿಯಲ್ಲಿ ಅರ್ಧ ಗಂಟೆ, ಸತತ ಮೂರು ದಿನ. ಮೂರು ದಿನ ಯಾಕೆ? ಮೊದಲ ದಿನ ಸಾಯದೆ ಉಳಿದ ಬೀಜಕಗಳು ರಾತ್ರಿ ಮೊಳೆತು ಸಾಧಾರಣ ಬ್ಯಾಕ್ಟೀರಿಯಾ ಆಗುತ್ತವೆ, ಮರುದಿನದ ಬಿಸಿಗೆ ಅವು ಸಾಯುತ್ತವೆ. ವೈವಾದಲ್ಲಿ ಈ "ಯಾಕೆ" ಬಂದೇ ಬರುತ್ತೆ.

ಎಂಡೋಸ್ಕೋಪ್ ಬಿಸಿ ತಡೆಯಲ್ಲ, ಒದ್ದೆ ಪದರವನ್ನು ಮುಟ್ಟುತ್ತೆ. 2 ಶೇಕಡಾ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ.

ಕತ್ತರಿಯಲ್ಲೇ ಹೆಚ್ಚಿನವರಿಗೆ ಗೊಂದಲ. ಪಠ್ಯಪುಸ್ತಕದ ಪಟ್ಟಿಯಲ್ಲಿ ಕತ್ತರಿ, ಫೋರ್ಸೆಪ್ಸ್, ಗಾಜಿನ ಸಿರಿಂಜ್ ಹಾಟ್ ಏರ್ ಅವನ್ ಕೆಳಗೆ ಇರುತ್ತವೆ. ಆಸ್ಪತ್ರೆಗೆ ಪೋಸ್ಟಿಂಗ್ ಹೋದಾಗ ನೋಡಿದರೆ ಉಕ್ಕಿನ ಉಪಕರಣಗಳನ್ನು ಪ್ಯಾಕ್ ಮಾಡಿ ಆಟೋಕ್ಲೇವ್‌ಗೇ ಹಾಕುತ್ತಾರೆ. ಎರಡೂ ಸರಿ. ಅವನ್‌ನಲ್ಲಿ ತೇವ ಇಲ್ಲದ್ದರಿಂದ ತುಕ್ಕು ಹಿಡಿಯಲ್ಲ, ಅಲಗು ಉಳಿಯುತ್ತೆ. ಆಟೋಕ್ಲೇವ್‌ನಲ್ಲಿ ಬೇಗ ಮುಗಿಯುತ್ತೆ, ಬಟ್ಟೆ ಪ್ಯಾಕಿನ ಸಮೇತ ಇಡಬಹುದು. ಸ್ಟೇನ್‌ಲೆಸ್ ಸ್ಟೀಲ್ ಅದನ್ನು ತಡೆಯುತ್ತೆ. ಬರೆಯುವಾಗ ಪುಸ್ತಕದ ಉತ್ತರ ಕೊಡಿ, ವೈವಾದಲ್ಲಿ ಕೇಳಿದರೆ ಎರಡನ್ನೂ ಕಾರಣದ ಸಮೇತ ಹೇಳಿ.

ಹಳೇ ಕಲ್ಚರ್ ಪ್ಲೇಟ್ ಆಟೋಕ್ಲೇವ್‌ಗೆ ಹೋಗಬೇಕು, ಹೆಚ್ಚು ಹೊತ್ತು, 30 ನಿಮಿಷವಾದರೂ ಇಡಬೇಕು. ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತೆ, ಚೀಲದೊಳಗೆ ಒತ್ತೊತ್ತಾಗಿ ತುಂಬಿದ್ದರೆ ಹಬೆ ನಿಧಾನಕ್ಕೆ ಒಳಗಿಳಿಯುತ್ತೆ. ಹೊಸ ಮೀಡಿಯಾ ಮತ್ತು ಹಳೇ ಕಲ್ಚರನ್ನು ಒಟ್ಟಿಗೆ ಒಂದೇ ಸಲಕ್ಕೆ ಇಡಬೇಡಿ.

ಹಂತ 4: ಆಟೋಕ್ಲೇವ್ ನಡೆಸುವುದು

ಆಟೋಕ್ಲೇವ್ ಕೆಲಸ ಮಾಡುವ ರೀತಿ ಮನೆಯ ಪ್ರೆಷರ್ ಕುಕ್ಕರ್‌ನಂತೆಯೇ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದರೆ ನೀರು ಕುದಿಯುವ ಡಿಗ್ರಿಯೂ ಏರುತ್ತೆ. 1879ರಲ್ಲಿ ಪಾಶ್ಚರ್ ಅವರ ಜೊತೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಶಾಂಬರ್‌ಲಾಂಡ್ ಇದನ್ನು ರೂಪಿಸಿದರು. ಇಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಒತ್ತಡ ಅಲ್ಲ, ಬಿಸಿ ಹಬೆ. ಹಬೆ ತಣ್ಣಗಿನ ವಸ್ತುವಿಗೆ ತಾಗಿದ ಕೂಡಲೇ ನೀರಾಗುತ್ತೆ. ಹಾಗೆ ನೀರಾಗುವಾಗ ತನ್ನೊಳಗಿದ್ದ ಶಾಖವನ್ನೆಲ್ಲ ಆ ವಸ್ತುವಿಗೆ ಬಿಟ್ಟುಕೊಡುತ್ತೆ, ಅದರಿಂದ ಬ್ಯಾಕ್ಟೀರಿಯಾದ ಪ್ರೊಟೀನ್ ಹೆಪ್ಪುಗಟ್ಟುತ್ತೆ. ಒಣ ಬಿಸಿಗೆ 160 ಡಿಗ್ರಿ, 2 ಗಂಟೆ ಬೇಕು, ಹಬೆಗೆ 121 ಡಿಗ್ರಿ, 15 ನಿಮಿಷ ಸಾಕು ಅನ್ನೋದಕ್ಕೆ ಇದೇ ಕಾರಣ.

ಲ್ಯಾಬ್‌ನಲ್ಲಿರುವ, ನೆಟ್ಟಗೆ ನಿಲ್ಲುವ ಆಟೋಕ್ಲೇವ್‌ನಲ್ಲಿ ಹೀಗೆ ಮಾಡಿ.

1. ತಳದಲ್ಲಿ ನೀರು ಗುರುತಿನವರೆಗೆ ಇದೆಯಾ ನೋಡಿ. ಕಡಿಮೆ ಇದ್ದರೆ ಮಧ್ಯದಲ್ಲಿ ಒಣಗಿ ಹೀಟರ್ ಸುಡುತ್ತೆ.

2. ಸಾಮಾನನ್ನು ಸಡಿಲವಾಗಿ ಜೋಡಿಸಿ. ನಡುವೆ ಹಬೆ ಓಡಾಡಲು ಜಾಗ ಬೇಕು. ಸ್ಕ್ರೂ ಮುಚ್ಚಳದ ಬಾಟಲಿಗಳನ್ನು ಅರ್ಧ ಸುತ್ತು ಸಡಿಲಿಸಿ, ಬಿಗಿಯಾಗಿದ್ದರೆ ಒಡೆಯುತ್ತವೆ. ಫ್ಲಾಸ್ಕನ್ನು ಪೂರ್ತಿ ತುಂಬಬೇಡಿ.

3. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ ಜೋಡಿ ಜೋಡಿಯಾಗಿ ಬಿಗಿ ಮಾಡಿ. ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ಇನ್ನೊಂದು ಕಡೆ ಹಬೆ ಸೋರುತ್ತೆ.

4. ಸ್ಟೀಮ್ ಬಿಡುವ ನಲ್ಲಿಯನ್ನು ತೆರೆದೇ ಇಟ್ಟು ಹೀಟರ್ ಹಾಕಿ. ಮೊದಲು ಗಾಳಿ ಹೊರಬರುತ್ತೆ, ಆಮೇಲೆ ಗಾಳಿ ಮತ್ತು ಹಬೆ ಬೆರೆತು ಬರುತ್ತೆ, ಕೊನೆಗೆ ಬರೀ ಹಬೆ ಒಂದೇ ಸಮನೆ ಬರುತ್ತೆ. ಹಾಗೆ ಬರಲು ಶುರುವಾದ ಮೇಲೂ ಕೆಲವು ನಿಮಿಷ ಬಿಟ್ಟು ನಲ್ಲಿ ಮುಚ್ಚಿ.

5. ಥರ್ಮಾಮೀಟರ್ 121 ತೋರಿಸಿದ ಮೇಲೆಯೇ ನಿಮಿಷ ಎಣಿಸಲು ಶುರು ಮಾಡಿ. ಸ್ವಿಚ್ ಹಾಕಿದ ಹೊತ್ತಿನಿಂದ ಎಣಿಸುವುದು ತುಂಬಾ ಜನ ಮಾಡುವ ತಪ್ಪು.

6. ಸಮಯ ಆದ ಮೇಲೆ ಹೀಟರ್ ಆರಿಸಿ, ಒತ್ತಡ ತಾನಾಗಿಯೇ ಸೊನ್ನೆಗೆ ಇಳಿಯಲು ಬಿಡಿ. ಅವಸರದಲ್ಲಿ ನಲ್ಲಿ ತೆರೆದರೆ ಫ್ಲಾಸ್ಕಿನೊಳಗಿನ ಮೀಡಿಯಾ ಉಕ್ಕಿ ಹತ್ತಿ ಮುಚ್ಚಳ ನೆನೆಯುತ್ತೆ. ಮುಳ್ಳು ಸೊನ್ನೆಯಲ್ಲಿ ನಿಲ್ಲುವ ತನಕ ಮುಚ್ಚಳ ಮುಟ್ಟಲೇಬೇಡಿ, ಮುಖ ಸುಟ್ಟುಕೊಳ್ಳುವ ಅಪಾಯ ನಿಜವಾದದ್ದು.

ನಾಲ್ಕನೇ ಹೆಜ್ಜೆಯ ಬಗ್ಗೆ ಇನ್ನೊಂಚೂರು ಹೇಳಬೇಕು, ಯಾಕಂದ್ರೆ ಆಟೋಕ್ಲೇವ್ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಒಳಗೆ ಗಾಳಿ ಉಳಿದರೆ ಅದೂ ಒತ್ತಡ ಕೊಡುತ್ತೆ, ಮುಳ್ಳು 15ಕ್ಕೆ ಬರುತ್ತೆ, ನೋಡುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತೆ. ಆದರೆ ಬಿಸಿ ಏರಿರುವುದಿಲ್ಲ. ಅರ್ಧ ಗಾಳಿ ಒಳಗೇ ಉಳಿದಿದ್ದರೆ 15 ಪಿಎಸ್‌ಐನಲ್ಲಿ ಸುಮಾರು 112 ಡಿಗ್ರಿ ಮಾತ್ರ. ಗಾಳಿಯನ್ನು ಹೊರಗೆ ಬಿಡದೇ ಇದ್ದರೆ ಸುಮಾರು 100 ಡಿಗ್ರಿ. ಬೀಜಕ ಅಷ್ಟಕ್ಕೆ ಸಾಯಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೆರಡು ತೊಂದರೆ ಇವೆ. ಮಧ್ಯದಲ್ಲಿ ಕರೆಂಟ್ ಹೋದರೆ, ಬಂದ ಮೇಲೆ ಉಳಿದ ನಿಮಿಷ ಮಾತ್ರ ಕೂಡಿಸಬೇಡಿ. 121 ತಲುಪಿದ ಮೇಲೆ ಮೊದಲಿನಿಂದ 15 ಎಣಿಸಿ. ಎರಡನೆಯದು ಒದ್ದೆ ಪ್ಯಾಕ್. ಜೂನ್ ಜುಲೈನಲ್ಲಿ ಬಟ್ಟೆ ಪ್ಯಾಕ್ ಹೊರಗಿಟ್ಟರೆ ಒಣಗುವುದೇ ಇಲ್ಲ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತೆ, ಅದಕ್ಕೇ ಒದ್ದೆ ಪ್ಯಾಕನ್ನು ಸ್ಟೆರೈಲ್ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಒಣಗಿಸುವ ಸೌಲಭ್ಯ ಇರುವ ಮೆಷಿನ್ ಆದರೆ ಆ ಹೊತ್ತನ್ನು ಕಡಿಮೆ ಮಾಡಬೇಡಿ. ಬಿಸಿ ಪ್ಯಾಕನ್ನು ತಣ್ಣನೆ ಕಲ್ಲಿನ ಮೇಲೆ ಇಡಬೇಡಿ, ತಳದಲ್ಲಿ ನೀರು ಕೂರುತ್ತೆ. ತಂತಿ ರ‍್ಯಾಕಿನ ಮೇಲೆ ಇಟ್ಟು ಆರಲು ಬಿಡಿ.

ಹಂತ 5: ಮಡಿಕೇರಿಯಲ್ಲಿ 15 ಪಿಎಸ್‌ಐ ಯಾಕೆ ಸಾಲದು

ಮೆಷಿನ್ನಿನ ಮುಳ್ಳು ತೋರಿಸುವುದು ಪೂರ್ತಿ ಒತ್ತಡವನ್ನಲ್ಲ. ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನೋದನ್ನಷ್ಟೇ ತೋರಿಸುತ್ತೆ. ಹಬೆ ಎಷ್ಟು ಬಿಸಿಯಾಗುತ್ತೆ ಅನ್ನೋದು ಮಾತ್ರ ಒಟ್ಟು ಒತ್ತಡದ ಮೇಲೆ ನಿಂತಿದೆ.

ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ. ಮುಳ್ಳಿನ 15 ಸೇರಿಸಿದರೆ ಒಟ್ಟು 29.7. ಅದಕ್ಕೆ ಹಬೆ 121 ಡಿಗ್ರಿ. ಪುಸ್ತಕದ ಲೆಕ್ಕ ಇದೇ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 12.8 ಪಿಎಸ್‌ಐ. 15 ಸೇರಿಸಿದರೆ 27.8 ಮಾತ್ರ. ಅಷ್ಟಕ್ಕೆ ಹಬೆ ಸುಮಾರು 119 ಡಿಗ್ರಿಗೆ ನಿಲ್ಲುತ್ತೆ. ನಿಮ್ಮ ಥರ್ಮಾಮೀಟರ್ ನಿಜವನ್ನೇ ಹೇಳುತ್ತಿದೆ. ಇದೇ ಕಾರಣಕ್ಕೆ ತೆರೆದ ಪಾತ್ರೆಯ ನೀರೂ ಇಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತೆ.

ಎರಡು ದಾರಿ ಇವೆ. ಮೊದಲನೆಯದು ಒತ್ತಡ ಏರಿಸುವುದು. 29.7ರಿಂದ 12.8 ಕಳೆಯಿರಿ, 16.9 ಬರುತ್ತೆ. ಅಂದರೆ ಮುಳ್ಳು 17ರ ಹತ್ತಿರ ಇರಬೇಕು. ಕುಶಾಲನಗರ, ವಿರಾಜಪೇಟೆ ಕೆಳಗಿರುವುದರಿಂದ ಅಲ್ಲಿ ಸುಮಾರು ಹದಿನಾರೂವರೆ ಸಾಕು. ಆದರೆ ಮೆಷಿನ್ನಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ದಾಟಬೇಡಿ. ಸೇಫ್ಟಿ ವಾಲ್ವ್‌ಗೆ ತೂಕ ಕಟ್ಟುವುದು, ಅದನ್ನು ಬಿಗಿ ಮಾಡುವುದು ಜೀವಕ್ಕೇ ಅಪಾಯ. ಸೆಟ್ಟಿಂಗ್ ಬದಲಿಸಬೇಕಿದ್ದರೆ ಸರ್ವಿಸ್‌ನವರು ಮಾಡಲಿ.

ಎರಡನೆಯದು ಸಮಯ ಹೆಚ್ಚಿಸುವುದು. 15 ಪಿಎಸ್‌ಐಗೇ ಕಟ್ಟಿಹಾಕಿದ ಹಳೇ ಮೆಷಿನ್ ಆಗಿದ್ದರೆ ಇದೇ ದಾರಿ. ಹಬೆಯ ಬಿಸಿ 10 ಡಿಗ್ರಿ ಇಳಿದರೆ ಬೀಜಕ ಸಾಯಲು ಸುಮಾರು ಹತ್ತು ಪಟ್ಟು ಹೊತ್ತು ಬೇಕು ಅನ್ನುವ ಲೆಕ್ಕ ಹಿಡಿದರೆ, 2 ಡಿಗ್ರಿ ಇಳಿದಾಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತೆ. 15 ನಿಮಿಷದ ಜಾಗದಲ್ಲಿ ಸುಮಾರು 25 ನಿಮಿಷ. ಹೀಗೆ ಬದಲಿಸಿದ ಮೇಲೆ ಮುಂದಿನ ಹಂತದಲ್ಲಿ ಹೇಳಿರುವ ಬೀಜಕದ ಪರೀಕ್ಷೆ ಮಾಡಿ ನೋಡದೆ ಆ ಸಮಯವನ್ನು ನಂಬಬೇಡಿ.

ಹಾಟ್ ಏರ್ ಅವನ್‌ಗೆ ಈ ಲೆಕ್ಕ ಬೇಡ. ಅಲ್ಲಿ ಬಿಸಿಯನ್ನು ಥರ್ಮೋಸ್ಟಾಟ್ ನೇರವಾಗಿ ಹಿಡಿದಿಡುತ್ತೆ, ಎತ್ತರದಿಂದ ಅದು ಬದಲಾಗುವುದಿಲ್ಲ. ಅವನ್‌ನ ಬಗ್ಗೆ ನೆನಪಿಡಬೇಕಾದ್ದು ಇಷ್ಟು: ಗಾಜಿನ ಸಾಮಾನು ಪೂರ್ತಿ ಒಣಗಿರಬೇಕು, ಒತ್ತೊತ್ತಾಗಿ ತುಂಬಬಾರದು, ಒಳಗೆ 160 ತಲುಪಿದ ಮೇಲೆ ಎಣಿಸಬೇಕು, ಮುಗಿದ ಮೇಲೆ ಚೆನ್ನಾಗಿ ಆರುವ ತನಕ ಬಾಗಿಲು ತೆಗೆಯಬಾರದು. ನಮ್ಮ ಚಳಿಗೆ ಬಿಸಿ ಗಾಜು ಪಟ್ಟಂತ ಸೀಳುತ್ತೆ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂದರೆ, 121 ಡಿಗ್ರಿ, 15 ಪಿಎಸ್‌ಐ, 15 ನಿಮಿಷ. ಅದರಲ್ಲಿ ಬದಲಾವಣೆ ಬೇಡ. ಮಡಿಕೇರಿಯ ಲೆಕ್ಕ ಲ್ಯಾಬ್ ಕೆಲಸಕ್ಕೆ.

ಹಂತ 6: ಕೆಲಸ ಆಯ್ತು ಅಂತ ತಿಳಿಯುವುದು ಹೇಗೆ

ಪ್ಯಾಕಿಗೆ ಅಂಟಿಸುವ ಆಟೋಕ್ಲೇವ್ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಸ್ಟೆರೈಲ್ ಆಯ್ತು ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಆ ಪ್ಯಾಕ್ ಆಟೋಕ್ಲೇವ್‌ನೊಳಗೆ ಹೋಗಿ ಬಂದಿದೆ ಅಂತ ಮಾತ್ರ ಅದು ಹೇಳುತ್ತೆ. ಪ್ಯಾಕಿನ ನಡುವಿಗೆ ಸಾಕಷ್ಟು ಹೊತ್ತು ಬಿಸಿ ತಲುಪಿತಾ ಅಂತ ಅದಕ್ಕೆ ಗೊತ್ತಿಲ್ಲ.

ನಿಜವಾದ ಸಾಕ್ಷಿ ಬೀಜಕದ ಪರೀಕ್ಷೆ. ಆಟೋಕ್ಲೇವ್‌ಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್ ಬೀಜಕ ಬಳಸುತ್ತಾರೆ, ಹಬೆಯ ಬಿಸಿಗೆ ಅದು ಬಹಳ ಗಟ್ಟಿ. ಅದು ಸತ್ತಿದ್ದರೆ ಉಳಿದವೂ ಸತ್ತಿವೆ ಅಂತ ಲೆಕ್ಕ. ಆಂಪ್ಯೂಲನ್ನು ಮೇಲೆ ಖಾಲಿ ಜಾಗದಲ್ಲಿ ಸುಮ್ನೆ ಇಡಬೇಡಿ. ಎಲ್ಲಕ್ಕಿಂತ ದೊಡ್ಡ ಪ್ಯಾಕಿನ ನಡುವೆ, ಹಬೆ ಕಷ್ಟಪಟ್ಟು ತಲುಪುವ ಜಾಗದಲ್ಲಿಡಿ. ಮುಗಿದ ಮೇಲೆ 55ರಿಂದ 60 ಡಿಗ್ರಿಯಲ್ಲಿ ಇನ್‌ಕ್ಯುಬೇಟ್ ಮಾಡಿ. ನೇರಳೆ ಬಣ್ಣದ ಆಂಪ್ಯೂಲ್ ಹಳದಿ ಆದರೆ ಬೀಜಕ ಬದುಕಿದೆ, ಆ ಸಲದ ಸಾಮಾನು ಬಳಸುವಂತಿಲ್ಲ.

ಇಲ್ಲಿ ದೊಡ್ಡ ತಪ್ಪು ಒಂದಿದೆ. ಲ್ಯಾಬ್‌ನ ಮಾಮೂಲಿ 37 ಡಿಗ್ರಿ ಇನ್‌ಕ್ಯುಬೇಟರ್‌ಗೆ ಅದನ್ನು ಇಟ್ಟುಬಿಡುವುದು. ಈ ಬ್ಯಾಕ್ಟೀರಿಯಾ ಆ ಬಿಸಿಗೆ ಸರಿಯಾಗಿ ಬೆಳೆಯಲ್ಲ, ಬಣ್ಣ ಬದಲಾಗಲ್ಲ, ನಾವು ಪಾಸ್ ಅಂತ ಬರೆದುಬಿಡುತ್ತೇವೆ. ಅದಕ್ಕೇ ಆಟೋಕ್ಲೇವ್‌ಗೆ ಇಡದ ಇನ್ನೊಂದು ಆಂಪ್ಯೂಲನ್ನು ಪಕ್ಕದಲ್ಲೇ ಇನ್‌ಕ್ಯುಬೇಟ್ ಮಾಡಬೇಕು. ಅದು ಹಳದಿಯಾಗಲೇಬೇಕು. ಆಗದಿದ್ದರೆ ಇಡೀ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ಹಾಟ್ ಏರ್ ಅವನ್‌ಗೆ ಬಳಸುವ ಬೀಜಕ ಬೇರೆ, ಬ್ಯಾಸಿಲಸ್ ಅಟ್ರೋಫೆಯಸ್. ಇವೆರಡನ್ನು ಅದಲುಬದಲು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಹಂತ 7: ರಾಸಾಯನಿಕಗಳು, ಕಲಸುವ ಲೆಕ್ಕದ ಸಮೇತ

ಗ್ಲುಟರಾಲ್ಡಿಹೈಡ್ 2 ಶೇಕಡಾ: ಕ್ಯಾನಿನ ಜೊತೆ ಬರುವ ಪುಡಿ ಹಾಕಿ ಕ್ಷಾರೀಯ ಮಾಡಿದ ಮೇಲೆಯೇ ಅದು ಪೂರ್ತಿ ಕೆಲಸ ಮಾಡುತ್ತೆ. 20 ನಿಮಿಷಕ್ಕೆ ಮೇಲ್ದರ್ಜೆಯ ಡಿಸ್‌ಇನ್ಫೆಕ್ಷನ್ ಆಗುತ್ತೆ. ಬೀಜಕವೂ ಸಾಯಬೇಕಿದ್ದರೆ 10 ಗಂಟೆ ಬೇಕು. ಪುಡಿ ಹಾಕಿದ ದಿನಾಂಕವನ್ನು ಕ್ಯಾನಿನ ಮೇಲೆ ಬರೆಯಿರಿ, ಸಾಮಾನ್ಯವಾಗಿ 14 ದಿನಕ್ಕೆ ಅದರ ಆಯುಸ್ಸು ಮುಗಿಯುತ್ತೆ. ಎಂಡೋಸ್ಕೋಪನ್ನು ಮೊದಲು ಬ್ರಷ್ ಹಾಕಿ ತೊಳೆಯದೆ ಮುಳುಗಿಸಿದರೆ ಒಳಗೆ ಅಂಟಿದ ಲೋಳೆಯ ಕೆಳಗೆ ದ್ರಾವಣ ತಲುಪುವುದೇ ಇಲ್ಲ.

ಹೈಪೋಕ್ಲೋರೈಟ್: ನೆಲದ ಮೇಲೆ ರಕ್ತ ಚೆಲ್ಲಿದರೆ 1 ಶೇಕಡಾ ದ್ರಾವಣ ಬೇಕು. ಬಾಟಲಿಯಲ್ಲಿ ಇರುವುದು 5 ಶೇಕಡಾ ಅಂತ ಇಟ್ಟುಕೊಳ್ಳಿ. 1 ಲೀಟರ್ ಮಾಡಲು 1000ವನ್ನು 5ರಿಂದ ಭಾಗಿಸಿ, 200 ಮಿಲಿ ದ್ರಾವಣಕ್ಕೆ 800 ಮಿಲಿ ನೀರು. ಬಾಟಲಿಯಲ್ಲಿ 4 ಶೇಕಡಾ ಅಂತ ಇದ್ದರೆ 250 ಮಿಲಿಗೆ 750 ಮಿಲಿ ನೀರು. ಲೇಬಲ್ ಓದದೆ ಕಲಸಬೇಡಿ.

ಗ್ಲೌಸ್ ಹಾಕಿಕೊಳ್ಳಿ. ಚೆಲ್ಲಿದ ಜಾಗವನ್ನು ಬಟ್ಟೆ ಅಥವಾ ಪೇಪರ್‌ನಿಂದ ಮುಚ್ಚಿ, ಅಂಚಿನಿಂದ ನಡುವಿಗೆ ದ್ರಾವಣ ಸುರಿಯಿರಿ, 20ರಿಂದ 30 ನಿಮಿಷ ಬಿಟ್ಟು ಒರೆಸಿ. ರಕ್ತ ಜಾಸ್ತಿ ಇದ್ದರೆ ಅದೇ ಕ್ಲೋರಿನ್ನನ್ನು ತಿಂದು ಹಾಕುತ್ತೆ, ಹಾಗಾಗಿ ಮೊದಲ ಬಟ್ಟೆಯನ್ನು ತೆಗೆದು ಇನ್ನೊಮ್ಮೆ ಹೊಸ ದ್ರಾವಣ ಹಾಕಿ. ದಿನದಿನಕ್ಕೆ ಹೊಸದಾಗಿ ಕಲಸಬೇಕು. ಆಸಿಡ್ ಜೊತೆ ಬೆರೆಸಿದರೆ ವಿಷದ ಕ್ಲೋರಿನ್ ಅನಿಲ ಬರುತ್ತೆ. ಲೋಹದ ಉಪಕರಣಕ್ಕೆ ಬಳಸಬೇಡಿ, ಕೊರೆದು ಹಾಳು ಮಾಡುತ್ತೆ. ಹೈಪೋಕ್ಲೋರೈಟ್‌ನಲ್ಲಿ ನೆನೆಸಿದ್ದನ್ನು ಆಟೋಕ್ಲೇವ್‌ಗೂ ಹಾಕಬೇಡಿ.

ಆಲ್ಕೋಹಾಲ್: 70 ಶೇಕಡಾ. ಪೂರ್ತಿ ಶುದ್ಧ ಆಲ್ಕೋಹಾಲ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಪ್ರೊಟೀನ್ ಹೆಪ್ಪುಗಟ್ಟಲು ನೀರೂ ಬೇಕು. ಥರ್ಮಾಮೀಟರ್ ಒರೆಸಲು, ಇಂಜೆಕ್ಷನ್ ಕೊಡುವ ಮುಂಚೆ ಚರ್ಮಕ್ಕೆ ಹಚ್ಚಲು ಸರಿ. ಬೀಜಕವನ್ನು ಕೊಲ್ಲಲ್ಲ, ಹಾಗಾಗಿ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟರೆ ಅದು ಸ್ಟೆರೈಲ್ ಆಗಲ್ಲ. ನೀರಿನಲ್ಲಿ ಕುದಿಸಿದರೂ ಅಷ್ಟೇ.

ಹಂತ 8: ಸ್ಪಾಟರ್‌ನಲ್ಲಿ ಬರೆಯುವ ಕ್ರಮ

ಸ್ಪಾಟರ್ ಅಂದರೆ ಮೇಜಿನ ಮೇಲೆ ಇಟ್ಟ ವಸ್ತುವನ್ನು ಗುರುತಿಸಿ ಬರೆಯುವುದು. ಹೊತ್ತು ಕಡಿಮೆ, ಹಾಗಾಗಿ ಈ ಸಾಲಿನಲ್ಲೇ ಬರೆಯಿರಿ: ಹೆಸರು, ತತ್ವ, ಡಿಗ್ರಿ ಮತ್ತು ಸಮಯ, ಏನೇನಕ್ಕೆ ಬಳಕೆ, ಯಾವ ಬೀಜಕದಿಂದ ಪರೀಕ್ಷೆ.

ಆಟೋಕ್ಲೇವ್ ಇಟ್ಟಿದ್ದರೆ ಉತ್ತರ ಹೀಗಿರಲಿ. ಒತ್ತಡದ ಹಬೆಯಿಂದ, ಅಂದರೆ ಒದ್ದೆ ಬಿಸಿಯಿಂದ ಸ್ಟೆರಿಲೈಸೇಷನ್. ಪ್ರೊಟೀನ್ ಹೆಪ್ಪುಗಟ್ಟಿಸಿ ಕೊಲ್ಲುತ್ತೆ. 121 ಡಿಗ್ರಿ, 15 ಪಿಎಸ್‌ಐ, 15 ನಿಮಿಷ. ಕಲ್ಚರ್ ಮೀಡಿಯಾ, ಗೌನ್, ಡ್ರೆಸ್ಸಿಂಗ್, ರಬ್ಬರ್ ಗ್ಲೌಸ್. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್.

ಹಾಟ್ ಏರ್ ಅವನ್ ಆದರೆ ತತ್ವದಲ್ಲಿ ಆಕ್ಸಿಡೇಷನ್ ಅಂತ ಬರೆಯುವುದನ್ನು ಮರೆಯಬೇಡಿ. ಒಣ ಬಿಸಿ ಬ್ಯಾಕ್ಟೀರಿಯಾವನ್ನು ಮುಖ್ಯವಾಗಿ ಸುಟ್ಟೇ ಕೊಲ್ಲುತ್ತೆ.

ಪೆಟ್ರಿ ಡಿಶ್ ಇಟ್ಟಿದ್ದರೆ ಒಂದು ಕ್ಷಣ ಎತ್ತಿ ನೋಡಿ. ಗಾಜಿನದ್ದಾದರೆ ಹಾಟ್ ಏರ್ ಅವನ್. ಹಗುರವಾಗಿದ್ದು ಪ್ಲಾಸ್ಟಿಕ್ ಆಗಿದ್ದರೆ ಅದು ಅವನ್‌ನಲ್ಲಿ ಕರಗುತ್ತೆ, ಗಾಮಾ ವಿಕಿರಣ ಅಥವಾ ಎಥಿಲೀನ್ ಆಕ್ಸೈಡ್ ಅಂತ ಬರೆಯಿರಿ. ಅದೇ ಪ್ಲೇಟಿನಲ್ಲಿ ಕಾಲೊನಿ ಬೆಳೆದಿದ್ದರೆ ಪ್ರಶ್ನೆ ಬಿಸಾಡುವ ಬಗ್ಗೆ ಇರುತ್ತೆ, ಆಗ ಉತ್ತರ ಆಟೋಕ್ಲೇವ್.